ಕೊಟೇಶನ್ ಜತೆಗಿನ ಪತ್ರ: ಯಾವ ಕೆಲಸ, ಎಲ್ಲಿಯವರೆಗೆ ದರ, ಯಾವಾಗ ಹಣ

ಕೊಟೇಶನ್ ಜತೆಗೆ ಕಳಿಸುವ ಕವರಿಂಗ್ ಲೆಟರ್ ಸಾಮಾನ್ಯವಾಗಿ ಒಂದು ಪುಟದ್ದು. ದರಗಳ ಪಟ್ಟಿ ಅದರ ಹಿಂದೆ ಲಗತ್ತಾಗಿರುತ್ತದೆ. ಪಟ್ಟಿಯನ್ನು ಸಾಲುಸಾಲಾಗಿ ಓದುವವರು ಎಂಜಿನಿಯರ್ ಅಥವಾ ಸ್ಟೋರ್ಸ್‌ನವರು. ಹಣ ಮಂಜೂರು ಮಾಡುವವರು ಮತ್ತು ತಿಂಗಳುಗಳ ನಂತರ ಚೆಕ್ ಬರೆಯುವ ಲೆಕ್ಕಪತ್ರ ವಿಭಾಗದವರು ಬಹುತೇಕ ಆ ಒಂದು ಪುಟವನ್ನಷ್ಟೇ ನೋಡುತ್ತಾರೆ. ಮೊದಲ ಮಾತುಕತೆ ನಡೆದಾಗ ಅವರು ಅಲ್ಲಿ ಇದ್ದಿರುವುದಿಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಏನು ತೀರ್ಮಾನವಾಗಿತ್ತು ಎಂದು ಗೊತ್ತಿಲ್ಲದವರಿಗೂ ಮೂರು ಸಂಗತಿ ಅದರಿಂದ ತಿಳಿಯಬೇಕು: ಯಾವ ಕೆಲಸಕ್ಕೆ ಈ ಮೊತ್ತ, ಯಾವ ದಿನದವರೆಗೆ ಈ ದರ, ಯಾವ ಯಾವ ಘಟ್ಟದಲ್ಲಿ ಎಷ್ಟು ಹಣ. “ತಾವು ಕೇಳಿದಂತೆ ನಮ್ಮ ಅತ್ಯಂತ ಸ್ಪರ್ಧಾತ್ಮಕ ದರಗಳನ್ನು ಲಗತ್ತಿಸಿದ್ದೇವೆ, ತಮ್ಮ ಅಮೂಲ್ಯ ಆದೇಶವನ್ನು ಎದುರು ನೋಡುತ್ತೇವೆ” ಎಂಬ ಎರಡು ಸಾಲಿನ ಪತ್ರದಲ್ಲಿ ಇದಾವುದೂ ಇಲ್ಲ. ದುರದೃಷ್ಟವಶಾತ್ ಹೆಚ್ಚು ಬಳಕೆಯಲ್ಲಿರುವುದು ಅದೇ ಪತ್ರ.

ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಹುಬ್ಬಳ್ಳಿಯ ಒಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್‌ಗೆ ಖಾಸಗಿ ಶಾಲೆಯೊಂದು ಸೈಕಲ್ ಸ್ಟ್ಯಾಂಡ್‌ಗೆ ಶೀಟ್ ಚಾವಣಿ ಹಾಕಿಕೊಡಲು ಕೊಟೇಶನ್ ಕೇಳಿದೆ ಎಂದುಕೊಳ್ಳೋಣ. ಜಾಗ 60 ಅಡಿ ಉದ್ದ, 20 ಅಡಿ ಅಗಲ. ಹತ್ತು ಅಡಿಗೊಂದರಂತೆ ಎರಡು ಸಾಲಿನಲ್ಲಿ 14 ಕಬ್ಬಿಣದ ಕಂಬ, ಒಂದೇ ಕಡೆಗೆ ಇಳಿಜಾರು. ದರ ಚದರಡಿಗೆ 260 ರೂಪಾಯಿ ಎಂದು ಇಬ್ಬರಿಗೂ ಒಪ್ಪಿಗೆಯಾಗಿದೆ. 1,200 ಚದರಡಿಗೆ 3,12,000 ರೂಪಾಯಿ ಎಂದು ಶಾಲೆಯವರು ಲೆಕ್ಕ ಹಾಕಿಕೊಂಡಿದ್ದಾರೆ.

ಮಳೆ ಎರಚಲು ಒಳಗೆ ಬಾರದಂತೆ ಶೀಟು ಕಂಬಗಳಿಂದ ಆಚೆಗೆ ಚಾಚಿರಬೇಕು. ನಾಲ್ಕೂ ಕಡೆ ಒಂದೂವರೆ ಅಡಿ ಚಾಚಿದರೆ ಉದ್ದ 63 ಅಡಿ, ಅಗಲ 23 ಅಡಿ ಆಗುತ್ತದೆ. ಇಳಿಜಾರು ಹತ್ತು ಡಿಗ್ರಿ ಇದ್ದರೆ ಶೀಟಿನ ಮೇಲೆ ಟೇಪು ಹಿಡಿದು ಅಳೆದಾಗ ಆ 23 ಅಡಿ ಸುಮಾರು 23.35 ಅಡಿ ಎಂದು ಬರುತ್ತದೆ. ಅಂದರೆ ಹಾಕಿದ ಶೀಟಿನ ವಿಸ್ತೀರ್ಣ ಸುಮಾರು 1,471 ಚದರಡಿ. ಕೆಲಸ ಮುಗಿದ ಮೇಲೆ ವರ್ಕ್‌ಶಾಪ್‌ನವರು ಶೀಟಿನ ಲೆಕ್ಕದಲ್ಲಿ ಬಿಲ್ ಮಾಡಿದರೆ 271 ಚದರಡಿ ಹೆಚ್ಚು, ಹಣದಲ್ಲಿ 70,460 ರೂಪಾಯಿ ಹೆಚ್ಚು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಈ ಕಸುಬಿನಲ್ಲಿ ಎರಡೂ ಬಗೆಯ ಅಳತೆ ನಡೆಯುತ್ತದೆ. ಯಾವುದನ್ನು ಹಿಡಿಯಬೇಕು ಎಂದು ಪತ್ರ ಹೇಳಿಲ್ಲ ಎನ್ನುವುದೊಂದೇ ತೊಂದರೆ. ಕೆಲಸದ ವ್ಯಾಪ್ತಿಯನ್ನು ಬರೆಯುವುದು ಆದ್ದರಿಂದ ಅಳತೆಯ ಕ್ರಮದಿಂದಲೇ ಆರಂಭವಾಗಬೇಕು. ದರ ಚದರಡಿ ಲೆಕ್ಕದ್ದಾದರೆ ಎಲ್ಲಿಂದ ಎಲ್ಲಿಗೆ ಅಳೆಯುವುದು ಎಂದು ಹೇಳಬೇಕು: ಕಂಬದ ಹೊರಮುಖದಿಂದ ಹೊರಮುಖಕ್ಕೋ, ಶೀಟಿನ ಅಂಚಿನಿಂದ ಅಂಚಿಗೋ. ಇಡೀ ಕೆಲಸಕ್ಕೆ ಒಂದೇ ಮೊತ್ತವಾದರೆ “ಇದು ಸ್ಥಿರ ಮೊತ್ತ, ಕೊನೆಯಲ್ಲಿ ಅಳತೆ ಇರುವುದಿಲ್ಲ” ಎಂದು ಬರೆಯಬೇಕು. ಇಷ್ಟು ಸಣ್ಣ ಕೆಲಸಕ್ಕೆ ಎರಡನೆಯದೇ ಒಳ್ಳೆಯದು, ಏಕೆಂದರೆ ಶಾಲೆಯ ಆಡಳಿತ ಮಂಡಳಿ ಒಂದು ಅಂಕಿಗೆ ಒಪ್ಪಿಗೆ ಕೊಡುತ್ತದೆಯೇ ಹೊರತು ಒಂದು ಲೆಕ್ಕಾಚಾರಕ್ಕಲ್ಲ.

ವ್ಯಾಪ್ತಿಯಲ್ಲಿ ಏನಿದೆ ಎನ್ನುವಷ್ಟೇ ಮುಖ್ಯವಾದದ್ದು ಏನಿಲ್ಲ ಎನ್ನುವುದು. ಜಗಳ ಹುಟ್ಟುವುದು ಸಾಮಾನ್ಯವಾಗಿ ಎರಡು ಕಸುಬುಗಳು ಕೂಡುವ ಜಾಗದಲ್ಲಿ. ಕಬ್ಬಿಣದ ಕಂಬ ಫ್ಯಾಬ್ರಿಕೇಶನ್‌ನವರದು, ಅದು ನಿಲ್ಲುವ ಕಾಂಕ್ರೀಟು ಗಾರೆಯವರದು. ಹಾಗಿದ್ದರೆ 14 ಗುಂಡಿ ತೋಡಿಸುವವರು ಯಾರು, ಕಾಂಕ್ರೀಟಿನಲ್ಲಿ ಹುದುಗಬೇಕಾದ ಬೋಲ್ಟು ಕೊಡುವವರು ಯಾರು, ಅವು ಸರಿಯಾದ ಜಾಗದಲ್ಲಿ ಕೂತಿವೆಯೇ ಎಂದು ನೋಡುವವರು ಯಾರು? ಚಾವಣಿಯ ತಗ್ಗಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿ ಇದೆಯೇ, ಇದ್ದರೆ ಅಲ್ಲಿಂದ ಕೆಳಗಿಳಿಯುವ ಪೈಪು ಇದೆಯೇ, ಆ ನೀರನ್ನು ಚರಂಡಿಯವರೆಗೆ ಒಯ್ಯುವವರು ಯಾರು? ವೆಲ್ಡಿಂಗ್‌ಗೆ ಕರೆಂಟು ಶಾಲೆಯದೋ, ವರ್ಕ್‌ಶಾಪ್‌ನ ಜನರೇಟರೋ? ಕೊಟೇಶನ್ ಬರೆಯುವವರು ತಮ್ಮ ಕೆಲಸದ ನಾಲ್ಕೂ ಅಂಚಿನಲ್ಲಿ ನಿಂತು, ಇಲ್ಲಿಂದ ಮುಂದೆ ಯಾರು ಎಂದು ಕೇಳಿಕೊಂಡರೆ ಸೇರದ ಬಾಬುಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ. ಅದು ಲಗತ್ತಿನ ನಾಲ್ಕನೇ ಪುಟದ ಸಣ್ಣ ಅಕ್ಷರದಲ್ಲಿದ್ದರೆ ಪ್ರಯೋಜನವಿಲ್ಲ. ಮೊತ್ತ ಯಾವ ಪುಟದಲ್ಲಿದೆಯೋ ಆ ಪುಟದಲ್ಲೇ ಇರಬೇಕು. “ಇತ್ಯಾದಿ”, “ಅಗತ್ಯವಿರುವ ಎಲ್ಲ ಕೆಲಸ”, “ಎಂದಿನಂತೆ” ಎಂಬ ಮಾತುಗಳನ್ನು ಇಲ್ಲಿ ಬಳಸಬಾರದು. ಅವುಗಳ ಅರ್ಥವನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಹಿಗ್ಗಿಸಿಕೊಳ್ಳುತ್ತಾರೆ.

ದರದ ಅವಧಿಯ ವಿಷಯಕ್ಕೆ ಬರುವ ಮುನ್ನ ಕೊಟೇಶನ್‌ಗೆ ಕಾನೂನಿನಲ್ಲಿ ಇರುವ ಸ್ಥಾನವನ್ನು ತಿಳಿಯಬೇಕು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಬ್ಬರ ಪ್ರಸ್ತಾಪ, ಇನ್ನೊಬ್ಬರ ಒಪ್ಪಿಗೆ, ಎರಡೂ ಕೂಡಿದಾಗ ಒಪ್ಪಂದ. ಆದರೆ ಬೆಲೆ ಹೇಳಿದ್ದೆಲ್ಲ ಪ್ರಸ್ತಾಪವಲ್ಲ. ಮಡಿಕೇರಿಯ ಒಂದು ಬಂಗಲೆಯ ಮಾರಾಟದ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 1951ರಲ್ಲಿ ಇದನ್ನೇ ಹೇಳಿತು. ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಮಾಲೀಕರು ತಂತಿ ಕಳಿಸಿದ್ದರು. ಕೊಳ್ಳುವವರು ಹತ್ತು ಸಾವಿರಕ್ಕೆ ಒಪ್ಪಿ, ಒಪ್ಪಂದವಾಯಿತು ಎಂದು ವಾದಿಸಿದರು. ಆ ತಂತಿ ಖರೀದಿಗೆ ಮುಂದೆ ಬನ್ನಿ ಎಂಬ ಆಹ್ವಾನವಷ್ಟೇ, ಒಪ್ಪಿದ ಕೂಡಲೇ ಮಾಲೀಕರನ್ನು ಕಟ್ಟಿಹಾಕುವ ಪ್ರಸ್ತಾಪವಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಕೊಟೇಶನ್ ಈ ಎರಡರಲ್ಲಿ ಯಾವುದು ಎನ್ನುವುದನ್ನು ಅದರ ಮಾತುಗಳೇ ನಿರ್ಧರಿಸುತ್ತವೆ. “ಅಂದಾಜು ದರ, ಸ್ಥಳ ನೋಡಿದ ಮೇಲೆ ಖಚಿತಪಡಿಸಲಾಗುವುದು” ಎಂದಿದ್ದರೆ ಆಹ್ವಾನದ ಕಡೆಗೆ ವಾಲುತ್ತದೆ. “ಈ ದಿನಾಂಕದೊಳಗೆ ಆದೇಶ ಕೊಟ್ಟರೆ ಈ ಮೊತ್ತಕ್ಕೆ ಈ ಕೆಲಸ ಮಾಡಿಕೊಡುತ್ತೇವೆ” ಎಂದಿದ್ದರೆ ಅದು ಪ್ರಸ್ತಾಪ. ಎರಡಕ್ಕೂ ಅವುಗಳದೇ ಉಪಯೋಗವಿದೆ. ಯಾವುದೆಂದು ತಿಳಿಯದಂಥ ಪತ್ರ ಮಾತ್ರ ಯಾರಿಗೂ ಒಳ್ಳೆಯದಲ್ಲ.

ಅವಧಿ ಹೇಳದ ಪ್ರಸ್ತಾಪ “ಯುಕ್ತವಾದ ಕಾಲ” ಕಳೆದ ಮೇಲೆ ಬಿದ್ದುಹೋಗುತ್ತದೆ ಎನ್ನುತ್ತದೆ ಆ ಕಾಯ್ದೆಯ 6ನೇ ಕಲಂ. ಯುಕ್ತ ಎಂದರೆ ಎಷ್ಟು ಎಂಬುದು ಆಯಾ ವ್ಯವಹಾರವನ್ನು ಅವಲಂಬಿಸಿದ ಪ್ರಶ್ನೆ, ಅಂದರೆ ವಾದಕ್ಕೆ ತೆರೆದ ಬಾಗಿಲು. ಕಬ್ಬಿಣದ ಬೆಲೆ ವಾರಕ್ಕೊಮ್ಮೆ ಏರಿಳಿಯುವ ಕಸುಬಿನಲ್ಲಿ ಆ ಬಾಗಿಲನ್ನು ಮುಚ್ಚಿಡುವುದೇ ಲೇಸು. “30 ದಿನ ಚಾಲ್ತಿ” ಎಂದು ಬರೆದರೂ ಪೂರ್ತಿ ಮುಚ್ಚಿದಂತಾಗುವುದಿಲ್ಲ. ಪತ್ರದ ದಿನಾಂಕದಿಂದ ಮೂವತ್ತೋ, ಶಾಲೆಗೆ ತಲುಪಿದ ದಿನದಿಂದಲೋ? ಆದ್ದರಿಂದ ದಿನಗಳ ಸಂಖ್ಯೆಯ ಬದಲು ಕ್ಯಾಲೆಂಡರಿನ ದಿನಾಂಕವನ್ನೇ ಬರೆಯಬೇಕು. ಆ ದಿನಾಂಕದೊಳಗೆ ನಡೆಯಬೇಕಾದದ್ದು ಏನು ಎಂದೂ ಹೇಳಬೇಕು. ಅಂಚೆಯಲ್ಲಿ ಕಳಿಸಿದ ಒಪ್ಪಿಗೆ, ಪ್ರಸ್ತಾಪ ಮಾಡಿದವರ ಮಟ್ಟಿಗೆ, ಕಳಿಸಿದವರ ಕೈಬಿಟ್ಟ ಕ್ಷಣದಲ್ಲೇ ಪೂರ್ಣವಾಗುತ್ತದೆ ಎಂಬುದು 4ನೇ ಕಲಂ. ಕೊನೆಯ ದಿನ ಸಂಜೆ ಅಂಚೆಗೆ ಹಾಕಿದ ಆದೇಶ ನಾಲ್ಕು ದಿನ ಬಿಟ್ಟು ಬಂದರೂ ವರ್ಕ್‌ಶಾಪ್‌ನವರು ಅದಕ್ಕೆ ಬದ್ಧರಾಗಬಹುದು. ಅಷ್ಟರಲ್ಲಿ ಅವರು ಬೇರೆ ಕೆಲಸ ಹಿಡಿದಿರಬಹುದು. “ಆದೇಶ ಮತ್ತು ಮುಂಗಡ ಎರಡೂ 16-3-2026ರ ಸಂಜೆ 5 ಗಂಟೆಯೊಳಗೆ ನಮ್ಮ ಕೈ ಸೇರಬೇಕು” ಎಂಬ ಒಂದು ವಾಕ್ಯ ಈ ಎಲ್ಲ ಅನುಮಾನವನ್ನು ತೆಗೆಯುತ್ತದೆ. ಮುಂಗಡವನ್ನು ಇಲ್ಲಿ ಸೇರಿಸುವುದಕ್ಕೆ ಕಾರಣವಿದೆ. ಆದೇಶ ಮಾತ್ರ ಕೊಟ್ಟು ಹಣಕ್ಕೆ ತಿಂಗಳು ತಡ ಮಾಡಿದರೆ, ಹಳೆಯ ದರಕ್ಕೆ ಹೊಸ ಬೆಲೆಯ ಕಬ್ಬಿಣ ಕೊಳ್ಳಬೇಕಾಗುತ್ತದೆ.

ಕೊಳ್ಳುವವರೂ ಒಂದು ಸಂಗತಿ ತಿಳಿದಿರಬೇಕು. ಅವಧಿ ಬರೆದ ಮಾತ್ರಕ್ಕೆ ಅಲ್ಲಿಯವರೆಗೆ ದರ ಕಾಯ್ದಿಡಲೇಬೇಕು ಎಂದೇನಿಲ್ಲ. ಒಪ್ಪಿಗೆ ಪೂರ್ಣವಾಗುವ ಮೊದಲು ಪ್ರಸ್ತಾಪವನ್ನು ಹಿಂದಕ್ಕೆ ಪಡೆಯಲು 5ನೇ ಕಲಂ ಅವಕಾಶ ಕೊಡುತ್ತದೆ. ದರ ಹಿಡಿದಿಡುವುದಕ್ಕೆ ಪ್ರತಿಫಲವಾಗಿ ಏನಾದರೂ ಕೊಟ್ಟಿದ್ದರೆ ಮಾತ್ರ ಆ ಭರವಸೆಗೆ ಕಾನೂನಿನ ಬಲ ಬರುತ್ತದೆ. ಮಂಡಳಿಯ ಸಭೆ ಅವಧಿಯ ಕೊನೆಯ ದಿನಕ್ಕೆ ನಿಗದಿಯಾಗಿದ್ದರೆ ಅದನ್ನು ಹಿಂದಕ್ಕೆ ತರುವುದು ಜಾಣತನ.

ದರದೊಳಗೆ ತೆರಿಗೆ ಇದೆಯೋ ಇಲ್ಲವೋ ಎಂಬುದಕ್ಕೂ ಅವಧಿಗೂ ಸಂಬಂಧವಿದೆ. ಜಿಎಸ್‌ಟಿ ದರಗಳು ಬದಲಾಗುತ್ತವೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. “ಎಲ್ಲ ತೆರಿಗೆ ಸೇರಿ” ಎಂದು ಬರೆದ ಕೊಟೇಶನ್‌ನಲ್ಲಿ ಇಂಥ ಇಳಿಕೆಯ ಲಾಭ ಯಾರಿಗೆ, ಏರಿದರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಮೂಲ ಮೊತ್ತ, ತೆರಿಗೆಯ ಶೇಕಡಾವಾರು, ತೆರಿಗೆಯ ಮೊತ್ತ, ಒಟ್ಟು ಎಂದು ನಾಲ್ಕನ್ನೂ ಬಿಡಿಸಿ ಬರೆದು, ದರ ಬದಲಾದರೆ ಕಾನೂನಿನಂತೆ ಆಗ ಅನ್ವಯವಾಗುವ ತೆರಿಗೆ ಎಂದು ಸೇರಿಸಿದರೆ ಸಾಕು. ನಮ್ಮ ಉದಾಹರಣೆಯಲ್ಲಿ 3,12,000ಕ್ಕೆ ಶೇ 18ರಂತೆ 56,160, ಒಟ್ಟು 3,68,160 ರೂಪಾಯಿ.

ಹಣ ಪಾವತಿಯ ಷರತ್ತಿನಲ್ಲಿ ಶೇಕಡಾವಾರು ಎಲ್ಲರೂ ಬರೆಯುತ್ತಾರೆ. ತಪ್ಪುವುದು ಹಣ ಯಾವಾಗ ಎನ್ನುವಲ್ಲಿ. “ಶೇ 40 ಮುಂಗಡ, ಶೇ 40 ಕೆಲಸ ನಡೆಯುವಾಗ, ಉಳಿದದ್ದು ಕೆಲಸ ಮುಗಿದ ಮೇಲೆ” ಎಂಬ ಸಾಲಿನಲ್ಲಿ ಮೊದಲ ಕಂತಿಗೆ ಮಾತ್ರ ಗುರುತಿಸಬಹುದಾದ ದಿನವಿದೆ. ಕೆಲಸ ನಡೆಯುವಾಗ ಎಂದರೆ ಕಂಬ ನಿಂತಾಗಲೋ ಶೀಟು ಬಂದಾಗಲೋ ಗೊತ್ತಿಲ್ಲ. ಮುಗಿದ ಮೇಲೆ ಎಂಬುದಂತೂ ಇನ್ನೂ ಸಡಿಲ. ಒಂದು ಕಂಬಕ್ಕೆ ಎರಡನೇ ಕೈ ಬಣ್ಣ ಬಾಕಿ ಇದ್ದರೆ ಕೆಲಸ ಮುಗಿದಿಲ್ಲ ಎಂದು 70,000ಕ್ಕೂ ಹೆಚ್ಚು ರೂಪಾಯಿ ತಡೆಹಿಡಿಯಬಹುದು. ಪ್ರತಿ ಕಂತಿಗೂ ಕಣ್ಣಿಗೆ ಕಾಣುವ, ಮೂರನೆಯವರು ಬಂದು ನೋಡಿದರೂ ಹೌದು ಎನ್ನಬಹುದಾದ ಘಟನೆಯೊಂದನ್ನು ಕಟ್ಟಬೇಕು, ಅದರ ನಂತರ ಎಷ್ಟು ದಿನ ಎಂದು ಹೇಳಬೇಕು, ರೂಪಾಯಿ ಮೊತ್ತವನ್ನೂ ಬರೆಯಬೇಕು. ಶಾಲೆಯ ಆವರಣಕ್ಕೆ ಕಬ್ಬಿಣ ಮತ್ತು ಶೀಟು ಬಂದಿಳಿದದ್ದು ಅಂಥ ಘಟನೆ. ಇಬ್ಬರೂ ಕೂಡಿ ಪರಿಶೀಲಿಸಿ ಸಹಿ ಹಾಕಿದ್ದು ಇನ್ನೊಂದು. ಪರಿಶೀಲನೆಗೆ ಕರೆದರೂ ಯಾರೂ ಬಾರದಿದ್ದರೆ ಏನು ಎಂಬುದಕ್ಕೂ ಉತ್ತರ ಇರಲಿ. ಇಲ್ಲದಿದ್ದರೆ ಕೊನೆಯ ಕಂತು ಬೇಸಿಗೆ ರಜೆ ಮುಗಿಯುವವರೆಗೆ ಹಾಗೇ ಕೂರುತ್ತದೆ.

ಕಂತಿನ ಮೊತ್ತದಲ್ಲಿ ಜಿಎಸ್‌ಟಿ ಸೇರಿಸಿಯೇ ಬರೆಯಬೇಕು. ನೆಲಕ್ಕೆ ಭದ್ರವಾಗಿ ಕೂಡಿಸುವ ಇಂಥ ಕಾಮಗಾರಿಯನ್ನು ಜಿಎಸ್‌ಟಿ ಕಾನೂನು ಸೇವೆ ಎಂದು ಪರಿಗಣಿಸುತ್ತದೆ, ಸೇವೆಗೆ ಮುಂಗಡ ಪಡೆದಾಗಲೇ ತೆರಿಗೆ ಕಟ್ಟಬೇಕಾಗುತ್ತದೆ. ಕೊನೆಯ ಬಿಲ್ಲಿನಲ್ಲಿ ತೆರಿಗೆ ಕೇಳಿದರಾಯಿತು ಎಂದುಕೊಂಡವರು ಅಲ್ಲಿಯವರೆಗೆ ತಮ್ಮ ಕೈಯಿಂದ ಕಟ್ಟಿರುತ್ತಾರೆ. ಇನ್ನೊಂದು ಸಣ್ಣ ಕಡಿತವೂ ಉಂಟು. ಶಾಲೆ ನಡೆಸುವ ಟ್ರಸ್ಟ್ ಇಂಥ ಗುತ್ತಿಗೆ ಹಣದಲ್ಲಿ ಆದಾಯ ತೆರಿಗೆಯ ಟಿಡಿಎಸ್ ಹಿಡಿಯಬೇಕು: ವರ್ಕ್‌ಶಾಪ್ ಒಬ್ಬರ ಸ್ವಂತ ಮಾಲೀಕತ್ವದ್ದಾದರೆ ಶೇ 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ 2. ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಮೂಲ ಮೊತ್ತದ ಮೇಲಷ್ಟೇ ಕಡಿತ. ಇಲ್ಲಿ ಅದು 3,120 ರೂಪಾಯಿ. ಪತ್ರದಲ್ಲಿ ಒಂದು ಮಾತು ಬರೆದಿಟ್ಟರೆ ಹಣ ಕಡಿಮೆ ಬಂತೆಂದು ಆಮೇಲೆ ಫೋನು ಮಾಡಬೇಕಾಗುವುದಿಲ್ಲ.

ತಡವಾದರೆ ಬಡ್ಡಿ ಎಂದು ಬರೆಯುವವರು ಅದರ ದರವನ್ನೂ ಬರೆಯಬೇಕು. ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಆಸರೆಯಿದೆ. ಸರಕು ಅಥವಾ ಸೇವೆಯನ್ನು ಸ್ವೀಕರಿಸಿದ ದಿನದಿಂದ 45 ದಿನ ಮೀರಿದ ಗಡುವನ್ನು ಲಿಖಿತ ಒಪ್ಪಂದದಲ್ಲೂ ಹಾಕುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕಾಮಗಾರಿ ಗುತ್ತಿಗೆಗೆ ಇದು ಅನ್ವಯಿಸುತ್ತದೆಯೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಭಿನ್ನ ನಿಲುವುಗಳಿವೆ. ಶೆಡ್ ಕಟ್ಟಿಕೊಡುವವರು ಕಾಯ್ದೆಯನ್ನೇ ನಂಬಿ ಕೂರದೆ ಬಡ್ಡಿಯ ಷರತ್ತನ್ನು ತಮ್ಮ ಪತ್ರದಲ್ಲೇ ಹಾಕುವುದು ಕ್ಷೇಮ.

ಈ ಎಲ್ಲವನ್ನೂ ಒಳಗೊಂಡ ಪತ್ರ ಹೀಗಿರಬಹುದು:

ಕೊಟೇಶನ್ ಸಂಖ್ಯೆ 41, ದಿನಾಂಕ 16-2-2026
ಕಾರ್ಯದರ್ಶಿಗಳು, ಶಾಲಾ ಆಡಳಿತ ಮಂಡಳಿ, ಇವರಿಗೆ
ವಿಷಯ: ಸೈಕಲ್ ಸ್ಟ್ಯಾಂಡ್ ಶೀಟ್ ಚಾವಣಿ, ಒಟ್ಟು ರೂ. 3,68,160, ದರ 16-3-2026ರವರೆಗೆ

ಮಾನ್ಯರೇ,

ತಾವು 9-2-2026ರಂದು ಕೇಳಿದಂತೆ, ಸ್ಥಳ ನೋಡಿ ಈ ಕೊಟೇಶನ್ ಕೊಡುತ್ತಿದ್ದೇವೆ.

ಕೆಲಸ: ಆಟದ ಮೈದಾನದ ಪೂರ್ವಕ್ಕಿರುವ 60 × 20 ಅಡಿ ಜಾಗಕ್ಕೆ 14 ಕಬ್ಬಿಣದ ಕಂಬಗಳ ಮೇಲೆ ಒಂದೇ ಇಳಿಜಾರಿನ ಶೀಟ್ ಚಾವಣಿ, ನಾಲ್ಕೂ ಕಡೆ ಒಂದೂವರೆ ಅಡಿ ಚಾಚು. ಪ್ರೈಮರ್, ಎರಡು ಕೈ ಬಣ್ಣ, ಅಡಿಪಾಯದ ಬೋಲ್ಟು, ನೀರಿನ ದೋಣಿ ಮತ್ತು ಎರಡು ಇಳಿ ಪೈಪು ಸೇರಿವೆ. ಸಾಮಗ್ರಿಯ ಅಳತೆ, ದಪ್ಪ ಲಗತ್ತು 1ರಲ್ಲಿದೆ. ಇದು ಸ್ಥಿರ ಮೊತ್ತ, ಕೊನೆಯಲ್ಲಿ ಅಳತೆ ಇಲ್ಲ.

ಸೇರಿಲ್ಲದ್ದು: ಗುಂಡಿ ತೋಡುವುದು, ಕಾಂಕ್ರೀಟು, ನೆಲಹಾಸು, ಇಳಿ ಪೈಪಿನಿಂದ ಚರಂಡಿಯವರೆಗಿನ ಕೊಳವೆ, ದೀಪ. ವೆಲ್ಡಿಂಗ್‌ಗೆ ಬೇಕಾದ ಕರೆಂಟು ಶಾಲೆಯದು. ಹೆಚ್ಚುವರಿ ಕೆಲಸ ಬೇಕಾದರೆ ದರ ಲಿಖಿತವಾಗಿ ಒಪ್ಪಿಗೆಯಾದ ಮೇಲಷ್ಟೇ ಮಾಡುತ್ತೇವೆ.

ಮೊತ್ತ: ರೂ. 3,12,000 ಮತ್ತು ಶೇ 18 ಜಿಎಸ್‌ಟಿ ರೂ. 56,160, ಒಟ್ಟು ರೂ. 3,68,160. ತೆರಿಗೆ ದರ ಬದಲಾದರೆ ಕಾನೂನಿನಂತೆ ಅನ್ವಯವಾಗುವ ದರ.

ಅವಧಿ: ಸಹಿ ಮಾಡಿದ ಆದೇಶ ಮತ್ತು ಮುಂಗಡ ಎರಡೂ 16-3-2026ರ ಸಂಜೆ 5ರೊಳಗೆ ನಮ್ಮ ಕೈ ಸೇರಬೇಕು. ಆಮೇಲೆ ಈ ಕೊಟೇಶನ್ ಇರುವುದಿಲ್ಲ.

ಪಾವತಿ (ಜಿಎಸ್‌ಟಿ ಸೇರಿ): ಆದೇಶದ ಜತೆ ರೂ. 1,47,264. ಕಬ್ಬಿಣ, ಶೀಟು ಶಾಲೆಗೆ ಬಂದಿಳಿದ 3 ದಿನದೊಳಗೆ ರೂ. 1,47,264. ಜಂಟಿ ಪರಿಶೀಲನೆಗೆ ಸಹಿಯಾದ 7 ದಿನದೊಳಗೆ ರೂ. 73,632. ನಾವು ಲಿಖಿತವಾಗಿ ಕರೆದ 7 ದಿನದೊಳಗೆ ಪರಿಶೀಲನೆ ನಡೆಯದಿದ್ದರೆ 7ನೇ ದಿನವೇ ಸಹಿಯಾದಂತೆ. ತಡವಾದ ಮೊತ್ತಕ್ಕೆ ತಿಂಗಳಿಗೆ ಶೇ 1 ಬಡ್ಡಿ. ಟಿಡಿಎಸ್ ನಿಯಮದಂತೆ.

ಈ ಪತ್ರಕ್ಕೂ ಲಗತ್ತಿಗೂ ವ್ಯತ್ಯಾಸ ಕಂಡರೆ ಈ ಪತ್ರವೇ ಅಂತಿಮ. ಒಪ್ಪಿಗೆಯಾದಲ್ಲಿ ಜತೆಗಿರುವ ಪ್ರತಿಗೆ ಸಹಿ, ಮೊಹರು ಹಾಕಿ ಹಿಂದಿರುಗಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ, ಮೊಹರು)

ವಿಷಯದ ಸಾಲಿನಲ್ಲೇ ಕೆಲಸ, ಮೊತ್ತ, ದಿನಾಂಕ ಮೂರೂ ಇರುವುದು ಇದರಲ್ಲಿ ಗಮನಿಸಬೇಕಾದ ಅಂಶ. ಕಡತವನ್ನು ತಿರುವಿ ಹಾಕುವವರಿಗೆ ಅಷ್ಟೇ ಕಂಡರೂ ಸಾಕಾಗುತ್ತದೆ. ಲಗತ್ತಿಗಿಂತ ಪತ್ರ ಮೇಲು ಎಂಬ ಸಾಲಂತೂ ಇರಲೇಬೇಕು. ಲಗತ್ತನ್ನು ಹಳೆಯ ಕೊಟೇಶನ್‌ನಿಂದ ನಕಲು ಮಾಡುವ ರೂಢಿ ಎಲ್ಲ ಕಡೆಯೂ ಇದೆ, ಹಿಂದಿನ ಗಿರಾಕಿಗೆ ಬರೆದ “60 ದಿನ ಚಾಲ್ತಿ” ಅಲ್ಲೇ ಉಳಿದುಬಿಡುತ್ತದೆ.

ಪತ್ರ ಇಷ್ಟು ಗಟ್ಟಿಯಾಗಿದ್ದರೂ ಅದಕ್ಕೆ ಬರುವ ಉತ್ತರ ಅದನ್ನು ಸಡಿಲಿಸಬಹುದು. ಒಪ್ಪಿಗೆ ಯಾವ ಷರತ್ತೂ ಇಲ್ಲದೆ ಪೂರ್ಣವಾಗಿರಬೇಕು ಎಂಬುದು 7ನೇ ಕಲಂ. ಶಾಲೆ ತನ್ನ ಅಚ್ಚಾದ ನಮೂನೆಯಲ್ಲಿ ವರ್ಕ್ ಆರ್ಡರ್ ಕಳಿಸುತ್ತದೆ, ಅದರ ಹಿಂಬದಿಯಲ್ಲಿ “ಪೂರ್ತಿ ಹಣ ಕೆಲಸ ಮುಗಿದ 90 ದಿನದ ನಂತರ” ಎಂದಿರುತ್ತದೆ. ಹಾಗಿದ್ದರೆ ಅದು ಒಪ್ಪಿಗೆಯಲ್ಲ, ಶಾಲೆಯ ಕಡೆಯ ಹೊಸ ಪ್ರಸ್ತಾಪ. ಅದನ್ನು ಓದದೆ ಮರುದಿನವೇ ಕಬ್ಬಿಣ ಇಳಿಸಿ ವೆಲ್ಡಿಂಗ್ ಶುರು ಮಾಡಿದರೆ, ಕೆಲಸ ಮಾಡಿದ್ದೇ 90 ದಿನಕ್ಕೆ ಒಪ್ಪಿಗೆ ಎಂದಾಗಬಹುದು. ತಮ್ಮ ಪತ್ರದ ಪ್ರತಿಗೇ ಸಹಿ ಕೇಳುವುದು ಇದಕ್ಕಾಗಿ. ಬೇರೆ ನಮೂನೆಯಲ್ಲಿ ಆದೇಶ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಕಂಡದ್ದನ್ನು ಸಾಮಾನು ಇಳಿಸುವ ಮೊದಲೇ ಬರೆದು ತಿಳಿಸಬೇಕು.

ಚೌಕಾಶಿಯಾಗಿ ಮೊತ್ತ ಇಳಿದಾಗ ಹಳೆಯ ಪತ್ರದ ಮೇಲೆ ಪೆನ್ನಿನಲ್ಲಿ ತಿದ್ದುವುದು ತಪ್ಪು. “ಕೊಟೇಶನ್ 41, ಪರಿಷ್ಕರಣೆ 1, 16-2-2026ರ ಪತ್ರ ರದ್ದಾಗಿದೆ” ಎಂದು ಹೊಸ ಪತ್ರ ಕೊಡಬೇಕು. ಮೊತ್ತದ ಜತೆ ಏನು ಕಡಿಮೆಯಾಯಿತು ಎಂಬುದೂ ಅದರಲ್ಲಿರಬೇಕು. 12,000 ರೂಪಾಯಿ ಇಳಿಸಲು ನೀರಿನ ದೋಣಿ ಕೈಬಿಟ್ಟಿದ್ದರೆ ದೋಣಿ ಸೇರಿಲ್ಲದ ಪಟ್ಟಿಗೆ ಹೋಗಬೇಕು. ಇಲ್ಲದಿದ್ದರೆ ಹೊಸ ಬೆಲೆಗೆ ಹಳೆಯ ಕೆಲಸ ಎಂದೇ ಶಾಲೆ ತಿಳಿಯುತ್ತದೆ, ಹಾಗೆ ತಿಳಿಯುವುದು ನ್ಯಾಯವೂ ಹೌದು.

ಇಂಥ ಪತ್ರ ಹೊಂದದ ಜಾಗ ಸರ್ಕಾರಿ ಟೆಂಡರ್. ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆಯಡಿ ಕರೆಯುವ ಟೆಂಡರುಗಳಲ್ಲಿ ಕೆಲಸದ ವ್ಯಾಪ್ತಿ, ದರದ ಅವಧಿ, ಪಾವತಿ ಎಲ್ಲವನ್ನೂ ಟೆಂಡರ್ ದಾಖಲೆಯೇ ನಿಗದಿ ಮಾಡಿರುತ್ತದೆ. ಶೇ 40 ಮುಂಗಡ ಬೇಕೆಂದು ಜತೆಯ ಪತ್ರದಲ್ಲಿ ಬರೆದರೆ ಅದು ಷರತ್ತಿನ ಬಿಡ್ ಎನಿಸಿ, ದರ ಎಷ್ಟೇ ಕಡಿಮೆಯಿದ್ದರೂ ತಿರಸ್ಕೃತವಾಗಬಹುದು. ಇಟ್ಟ ಇಎಂಡಿ ಠೇವಣಿಯ ಕಾರಣದಿಂದ ಅವಧಿಯ ನಡುವೆ ದರ ಹಿಂದಕ್ಕೆ ಪಡೆಯುವುದೂ ದುಬಾರಿ, ಠೇವಣಿಯೇ ಮುಟ್ಟುಗೋಲಾಗಬಹುದು. ಅಲ್ಲಿ ಪತ್ರದಲ್ಲಿ ಟೆಂಡರ್ ಸಂಖ್ಯೆ, ಲಗತ್ತುಗಳ ಪಟ್ಟಿ, ಷರತ್ತುಗಳಿಗೆ ಒಪ್ಪಿಗೆ ಇಷ್ಟಿದ್ದರೆ ಸಾಕು. ಪಾವತಿಯ ಬಗ್ಗೆ ತಕರಾರಿದ್ದರೆ ಬಿಡ್ ಸಲ್ಲಿಸುವ ಮೊದಲು ನಡೆಯುವ ಸಭೆಯಲ್ಲಿ, ಅಥವಾ ಅದಕ್ಕೆಂದೇ ಕೊಟ್ಟ ಗಡುವಿನೊಳಗೆ ಲಿಖಿತ ಪ್ರಶ್ನೆಯಾಗಿ ಎತ್ತಬೇಕು.